ಪುಸ್ತಕದಂಗಡಿಯ ಕೌಂಟರ್‌ಗೆ ಮೂರು ಹೆಜ್ಜೆಯ ಪೋಸ್ಟರ್: ಕಾರ್ಡ್ ಟ್ಯಾಪ್ ಮಾಡಿ ಹಣ ಕೊಡುವುದು ಹೇಗೆ

ಮೊದಲು ಪೋಸ್ಟರ್ ಬರಹವನ್ನೇ ಕೊಟ್ಟುಬಿಡುತ್ತೇನೆ. ಅವಸರದಲ್ಲಿರುವವರು ಇದನ್ನು ಹೀಗೇ ಟೈಪ್ ಮಾಡಿಸಿ, ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಕಾರ್ಡ್ ಮಷೀನ್ ಪಕ್ಕದಲ್ಲಿ ನಿಲ್ಲಿಸಬಹುದು.

> ಇಲ್ಲಿ ಕಾರ್ಡ್ ಟ್ಯಾಪ್ ಮಾಡಿ ಹಣ ಕೊಡಬಹುದು
>
> 1. ಮೊತ್ತ ನೋಡಿ
> ಬಿಲ್ಲಿನಲ್ಲಿರುವ ಮೊತ್ತವೇ ಮಷೀನಿನಲ್ಲೂ ಇದೆಯಾ?
>
> 2. ಕಾರ್ಡ್ ಹಿಡಿಯಿರಿ
> ಈ ಗುರುತಿನ ಮೇಲೆ, ಬೀಪ್ ಸದ್ದು ಬರುವವರೆಗೆ.
>
> 3. Approved ಬರುವವರೆಗೆ ಕಾಯಿರಿ
> ಬಂದ ಮೇಲೆ ರಸೀದಿ, ಪುಸ್ತಕ ಎರಡೂ ನಿಮ್ಮದು.
>
> ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ. ₹5,000ಕ್ಕಿಂತ ಜಾಸ್ತಿ ಇದ್ದರೆ ಪಿನ್ ಒತ್ತಬೇಕು.

ಇಷ್ಟೇ. ಇದರಲ್ಲಿ ಇಲ್ಲದ್ದನ್ನು ಸೇರಿಸಬೇಕು ಅಂತ ನಿಮಗೆ ಅನ್ನಿಸುತ್ತದೆ. ಬ್ಯಾಂಕಿನ ಹೆಸರು, ಕಾರ್ಡ್ ಕಂಪನಿಗಳ ಚಿಹ್ನೆಗಳು, 'ಸುರಕ್ಷಿತ, ವೇಗ, ಸುಲಭ' ಅನ್ನುವ ಸಾಲು. ಸೇರಿಸಬೇಡಿ. ಈ ಪೋಸ್ಟರ್ ಓದುವವರು ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಕಾರ್ಡ್ ಹಿಡಿದು ನಿಂತಿರುತ್ತಾರೆ. ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಅವರಿಗೆ ಬೇಕಾದದ್ದು ಈಗ ಏನು ಮಾಡಬೇಕು ಅನ್ನುವುದಷ್ಟೇ.

ಬಹಳ ಕಡೆ ನೋಡುವ ಪೋಸ್ಟರ್‌ಗಳಲ್ಲಿ ಮೂರು ಹೆಜ್ಜೆ ಹೀಗಿರುತ್ತವೆ: ಗುರುತು ಹುಡುಕಿ, ಟ್ಯಾಪ್ ಮಾಡಿ, ಆಯಿತು. ನನ್ನ ತಕರಾರು ಇರುವುದು ಆ 'ಆಯಿತು' ಬಗ್ಗೆ. ಬೀಪ್ ಅಂದಾಗ ಹಣ ಬಂದಿರುವುದಿಲ್ಲ. ಮಷೀನು ಕಾರ್ಡನ್ನು ಓದಿಕೊಂಡಿತು ಅಂತ ಮಾತ್ರ ಅದರ ಅರ್ಥ. ಕೌಂಟರಿನಲ್ಲಿ ಆಗುವ ಗೊಂದಲದಲ್ಲಿ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ. ಹಾಗಾಗಿ ಮೂರರಲ್ಲಿ ಒಂದು ಹೆಜ್ಜೆಯನ್ನು ಪೂರ್ತಿ ಕಾಯುವುದಕ್ಕೇ ಬಿಟ್ಟಿದ್ದೇನೆ. ಒಂದೊಂದನ್ನೇ ನೋಡೋಣ.

ಮೊದಲ ಹೆಜ್ಜೆ ಯಾಕೆ ಮೊತ್ತ ನೋಡುವುದು

ಟ್ಯಾಪ್ ಮಾಡುವಾಗ ₹5,000ದವರೆಗೆ ಪಿನ್ ಬೇಕಾಗುವುದಿಲ್ಲ. ಮೊದಲು ಈ ಮಿತಿ ₹2,000 ಇತ್ತು. 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು ₹5,000ಕ್ಕೆ ಏರಿಸಿತು. ಗ್ರಾಹಕರಿಗೆ ಅನುಕೂಲ ಆಯಿತು, ನಿಜ. ಆದರೆ ಪಿನ್ ಒತ್ತುವಾಗ ಒಂದು ಕ್ಷಣ ನಿಂತು ಪರದೆ ನೋಡುತ್ತಿದ್ದ ಅಭ್ಯಾಸವೂ ಹೋಯಿತು. ಈಗ ತಪ್ಪು ಮೊತ್ತವನ್ನು ತಡೆಯುವುದು ಗ್ರಾಹಕರ ಕಣ್ಣು ಮಾತ್ರ.

ಪುಸ್ತಕದಂಗಡಿಯಲ್ಲಿ ಈ ತಪ್ಪು ಆಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಬಟ್ಟೆ ಅಂಗಡಿಯಂತೆ ಇಲ್ಲಿ ದೊಡ್ಡ ಬಿಲ್ ಇರುವುದಿಲ್ಲ, ರಿಯಾಯಿತಿ ಮಾತ್ರ ಇದ್ದೇ ಇರುತ್ತದೆ. ಉದಾಹರಣೆಗೆ ಒಬ್ಬರು ಮೂರು ಪುಸ್ತಕ ತೆಗೆದುಕೊಂಡರು ಅಂದುಕೊಳ್ಳಿ: ₹250, ₹180, ₹395. ಒಟ್ಟು ₹825. ಶೇಕಡಾ 10 ರಿಯಾಯಿತಿ ಕಳೆದರೆ ₹742.50. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಅಷ್ಟೇ ಕೊನೆಯ ಮೊತ್ತ. ಗ್ರಾಹಕರ ತಲೆಯಲ್ಲಿ ಪುಸ್ತಕದ ಹಿಂದೆ ಅಚ್ಚಾದ ಬೆಲೆಗಳಿರುತ್ತವೆ. ನಿಮ್ಮ ಬಿಲ್ಲಿನಲ್ಲಿ ಬೇರೆಯೇ ಅಂಕಿ ಇರುತ್ತದೆ. ಮಷೀನಿನಲ್ಲಿ ಮೂರನೆಯದು ಬಂದರೂ ಅವರಿಗೆ ಗೊತ್ತಾಗುವುದಿಲ್ಲ.

ಆ ಮೂರನೆಯ ಅಂಕಿ ಬರುವುದು ಹೇಗೆ? ಬಹಳಷ್ಟು ಮಷೀನುಗಳು ಮೊತ್ತವನ್ನು ಪೈಸೆಯ ಲೆಕ್ಕದಲ್ಲಿ ತೆಗೆದುಕೊಳ್ಳುತ್ತವೆ. ₹742.50 ಬೇಕಾದರೆ 74250 ಒತ್ತಬೇಕು. ಅವಸರದಲ್ಲಿ 742 ಒತ್ತಿದರೆ ಪರದೆಯಲ್ಲಿ 7.42 ಬರುತ್ತದೆ. ಅದು ನಿಮಗೆ ನಷ್ಟ. ಒಂದು ಸೊನ್ನೆ ಜಾಸ್ತಿ ಬಿದ್ದರೆ 7,425.00 ಆಗುತ್ತದೆ. ಇಲ್ಲಿ ಮಷೀನ್ ಪಿನ್ ಕೇಳುತ್ತದೆ, ಗ್ರಾಹಕರಿಗೆ ಅನುಮಾನ ಬರುತ್ತದೆ. ಆದರೆ ಬಿಲ್ ₹250 ಇದ್ದು, ಒಂದು ಸೊನ್ನೆ ಜಾಸ್ತಿಯಾಗಿ 2,500.00 ಆದರೆ? ಪಿನ್ ಕೇಳದೆಯೇ ಹೋಗಿಬಿಡಬಹುದು. ಚಿಕ್ಕ ಬಿಲ್ಲಿನ ಅಂಗಡಿಗಳಲ್ಲಿ ಅಪಾಯ ಇರುವುದು ಈ ಜಾಗದಲ್ಲೇ.

ಇದಕ್ಕೆ ನೀವೂ ಒಂದು ಕೆಲಸ ಮಾಡಬೇಕು. ಮೊತ್ತ ಒತ್ತಿದ ಮೇಲೆ ಮಷೀನನ್ನು ಗ್ರಾಹಕರ ಕಡೆ ತಿರುಗಿಸಿ, ಬಾಯಲ್ಲೂ ಹೇಳಿ: "ಏಳುನೂರ ನಲವತ್ತೆರಡೂವರೆ ಸರ್, ನೋಡಿ." ಪೋಸ್ಟರ್ ಮೊತ್ತ ನೋಡಿ ಅನ್ನುತ್ತಿದ್ದು, ಮಷೀನು ಮಾತ್ರ ನಿಮ್ಮ ಕಡೆ ಮುಖ ಮಾಡಿದ್ದರೆ ಆ ಸಾಲಿಗೆ ಅರ್ಥವಿಲ್ಲ.

ತಪ್ಪು ಮೊತ್ತ ಹೋಗಿಯೇಬಿಟ್ಟರೆ ಗಾಬರಿ ಬೇಡ. ಅದೇ ದಿನ, ಮಷೀನಿನ ಲೆಕ್ಕ ಮುಗಿಸುವ ಮೊದಲು, Void ಅನ್ನುವ ಆಯ್ಕೆಯಿಂದ ಆ ವ್ಯವಹಾರವನ್ನು ರದ್ದು ಮಾಡಬಹುದು. ರಸೀದಿಯಲ್ಲಿರುವ ಇನ್‌ವಾಯ್ಸ್ ನಂಬರ್ ಕೇಳುತ್ತದೆ. ಹಾಗಾಗಿ ಅಂಗಡಿಯ ಪ್ರತಿಯನ್ನು ಸಂಜೆವರೆಗಾದರೂ ಇಟ್ಟುಕೊಳ್ಳಿ. ಲೆಕ್ಕ ಮುಗಿಸಿದ ಮೇಲೆ ರೀಫಂಡ್ ದಾರಿ ಹಿಡಿಯಬೇಕು, ಅದಕ್ಕೆ ಕೆಲವು ದಿನ ಬೇಕು.

ಎರಡನೇ ಹೆಜ್ಜೆ: ಎಲ್ಲಿ, ಎಷ್ಟು ಹೊತ್ತು

ಪೋಸ್ಟರ್ ತಲೆಬರಹದಲ್ಲಿ 'ಟ್ಯಾಪ್' ಇದೆ, ಯಾಕೆಂದರೆ ಜನ ಅದನ್ನೇ ಹೇಳುತ್ತಾರೆ. ಹೆಜ್ಜೆಯಲ್ಲಿ ಮಾತ್ರ 'ಹಿಡಿಯಿರಿ' ಅಂತ ಬರೆದಿದ್ದೇನೆ. ಟ್ಯಾಪ್ ಮಾಡಿ ಅಂದರೆ ಬಹಳ ಜನ ಕಾರ್ಡನ್ನು ಒಮ್ಮೆ ತಟ್ಟಿ ತಕ್ಷಣ ಎಳೆದುಕೊಳ್ಳುತ್ತಾರೆ. ಮಷೀನು ಓದುವುದಕ್ಕೆ ಸಾಮಾನ್ಯವಾಗಿ ಒಂದು ಸೆಕೆಂಡ್ ಸಾಕು, ಆದರೆ ಆ ಒಂದು ಸೆಕೆಂಡ್ ಕಾರ್ಡ್ ಅಲ್ಲಿ ಇರಬೇಕಲ್ವಾ?

ದೂರವೂ ಮುಖ್ಯ. ಮಷೀನಿನೊಳಗಿನ ಆಂಟೆನಾ ಸಣ್ಣ ರೇಡಿಯೋ ಅಲೆ ಹೊರಡಿಸುತ್ತದೆ. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಆ ಅಲೆಯಿಂದಲೇ ಚಿಪ್‌ಗೆ ಶಕ್ತಿ ಸಿಕ್ಕಿ, ಅದು ಉತ್ತರ ಕೊಡುತ್ತದೆ. ಇದು ಸುಮಾರು 4 ಸೆಂಟಿಮೀಟರ್ ಒಳಗೆ ಮಾತ್ರ ನಡೆಯುವ ಕೆಲಸ. 'ದೂರದಿಂದಲೇ ಹಣ ಎಳೆದುಬಿಡುತ್ತದಾ' ಅಂತ ಕೇಳುವ ಗ್ರಾಹಕರಿಗೆ ಇದನ್ನೇ ಹೇಳಬಹುದು. ಎರಡು ಬೆರಳು ಅಗಲದಷ್ಟು ಹತ್ತಿರ ಬರಬೇಕು, ಅಂಗಡಿಯವರು ಅದಕ್ಕೂ ಮೊದಲು ಮೊತ್ತ ಒತ್ತಿರಬೇಕು. ಎರಡು ಸಲ ತಾಗಿದರೆ ಎರಡು ಸಲ ಹೋಗುವುದೂ ಇಲ್ಲ. ಒಂದು ಮೊತ್ತ ಒಪ್ಪಿಗೆ ಆದ ಕೂಡಲೇ ಆ ವ್ಯವಹಾರ ಮುಗಿಯಿತು. ಮತ್ತೆ ಹಣ ಹೋಗಬೇಕಾದರೆ ಮತ್ತೆ ಮೊತ್ತ ಒತ್ತಬೇಕು.

ಇನ್ನು ಆ 'ಗುರುತು'. ವೈಫೈ ಚಿಹ್ನೆಯನ್ನು ಅಡ್ಡ ಮಲಗಿಸಿದ ಹಾಗೆ ಕಾಣುವ ನಾಲ್ಕು ಬಾಗಿದ ಗೆರೆಗಳು. ಕಾರ್ಡಿನ ಮೇಲೂ ಅದು ಇರಬೇಕು. ಇಲ್ಲದಿದ್ದರೆ ಆ ಕಾರ್ಡ್ ಟ್ಯಾಪ್ ಆಗುವುದಿಲ್ಲ, ಚಿಪ್ ತೂರಿಸಿ ಪಿನ್ ಒತ್ತಬೇಕು. ಮಷೀನಿನಲ್ಲಿ ಗುರುತು ಎಲ್ಲಿದೆ ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಕೆಲವದರಲ್ಲಿ ಪರದೆಯ ಮೇಲೇ ಹಿಡಿಯಬೇಕು. ಕೆಲವದರಲ್ಲಿ ಪರದೆಗಿಂತ ಮೇಲೆ, ಕೆಲವದರಲ್ಲಿ ಪಕ್ಕಕ್ಕೆ. ಈಚೆಗೆ ಕ್ಯೂಆರ್ ಹಣ ಬಂದಾಗ ಕೂಗಿ ಹೇಳುವ ಸೌಂಡ್‌ಬಾಕ್ಸ್‌ಗಳಲ್ಲೇ ಕಾರ್ಡ್ ತಾಗಿಸುವ ಮಾದರಿಗಳೂ ಬಂದಿವೆ. ಅದಕ್ಕೇ ಇಂಟರ್‌ನೆಟ್‌ನಲ್ಲಿ ಸಿಗುವ ಯಾವುದೋ ಮಷೀನಿನ ಚಿತ್ರ ಹಾಕಬೇಡಿ. ನಿಮ್ಮ ಮಷೀನಿನದೇ ಫೋಟೋ ಮೇಲಿನಿಂದ ತೆಗೆದು, ಹಿಡಿಯಬೇಕಾದ ಜಾಗಕ್ಕೆ ಒಂದು ಬಾಣ ಹಾಕಿ. ಇಡೀ ಪೋಸ್ಟರಿನಲ್ಲಿ ಒಂದೇ ಚಿತ್ರಕ್ಕೆ ಜಾಗ ಇದ್ದರೆ ಅದು ಇದೇ ಆಗಿರಲಿ.

ಗುರುತನ್ನು ನೀವೇ ಬಿಡಿಸಲು ಹೋಗಬೇಡಿ. ಅದು ಇಎಂವಿಕೋ ಅನ್ನುವ ಸಂಸ್ಥೆಯ ಟ್ರೇಡ್‌ಮಾರ್ಕ್. ಮಷೀನ್ ಕೊಟ್ಟ ಬ್ಯಾಂಕ್ ಅಥವಾ ಕಂಪನಿಯವರನ್ನು ಕೇಳಿ, ಅವರ ಹತ್ತಿರ ಗುರುತಿನ ಸ್ಟಿಕ್ಕರ್ ಇರುತ್ತದೆ. ಅದನ್ನೇ ಪೋಸ್ಟರ್ ಮೇಲೆ ಅಂಟಿಸಿದರೆ ಕೆಲಸ ಆಯಿತು. ಕೈಯಲ್ಲಿ ಬಿಡಿಸಿದ್ದು ನಿಜವಾಗಿಯೂ ವೈಫೈ ಥರವೇ ಕಾಣುತ್ತದೆ. ಆಮೇಲೆ ಕಾಲೇಜು ಹುಡುಗರು ಪಾಸ್‌ವರ್ಡ್ ಕೇಳುತ್ತಾರೆ.

ಈ ಹೆಜ್ಜೆಯಲ್ಲಿ ಕೆಡುವ ಇನ್ನೊಂದು ವಿಷಯ ಪರ್ಸ್. ಕೆಲವರು ಕಾರ್ಡ್ ಹೊರಗೆ ತೆಗೆಯದೆ ಪರ್ಸನ್ನೇ ಮಷೀನಿನ ಮೇಲಿಡುತ್ತಾರೆ. ಒಳಗೆ ಎರಡು ಬ್ಯಾಂಕ್ ಕಾರ್ಡ್, ಒಂದು ಮೆಟ್ರೋ ಕಾರ್ಡ್ ಇರುತ್ತವೆ. ಎಲ್ಲವೂ ಒಟ್ಟಿಗೆ ಉತ್ತರ ಕೊಡಲು ಹೋಗಿ ಮಷೀನು ಒಂದೇ ಕಾರ್ಡ್ ತೋರಿಸಿ ಅನ್ನುತ್ತದೆ. ಇಲ್ಲವೇ ಅವರು ಬಯಸದ ಕಾರ್ಡನ್ನು ಓದಿಬಿಡುತ್ತದೆ. ಇದನ್ನು ಪೋಸ್ಟರಿನಲ್ಲಿ ಬರೆಯುವ ಅಗತ್ಯ ಇಲ್ಲ. ಚಿತ್ರದಲ್ಲಿ ಒಂಟಿ ಕಾರ್ಡ್ ಹಿಡಿದ ಕೈ ಕಾಣಿಸಿದರೆ ಸಾಕು.

'ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ' ಅನ್ನುವ ಸಾಲು ಗ್ರಾಹಕರಿಗಿಂತ ನಿಮಗೇ ಜಾಸ್ತಿ ಅನ್ವಯಿಸುತ್ತದೆ. ಹಳೆಯ ಅಭ್ಯಾಸದಿಂದ ಕೈ ಚಾಚಿ ಕಾರ್ಡ್ ಕೇಳಬೇಡಿ. ಹಿರಿಯರು ತಾವಾಗಿಯೇ ಕಾರ್ಡ್ ಕೊಡಲು ಬಂದರೆ, "ನೀವೇ ಹಿಡೀರಿ ಅಮ್ಮಾ, ಇಲ್ಲಿ" ಅಂತ ಜಾಗ ತೋರಿಸಿ. ಕಾರ್ಡ್ ನಂಬರ್, ಹಿಂದಿನ ಮೂರು ಅಂಕಿ ಯಾರ ಕಣ್ಣಿಗೂ ಬೀಳದೆ ಇರುವುದು ಟ್ಯಾಪ್‌ನಿಂದ ಆಗುವ ನಿಜವಾದ ಲಾಭ. ಕಾರ್ಡ್ ನಿಮ್ಮ ಕೈಗೆ ಬಂದ ಕೂಡಲೇ ಆ ಲಾಭ ಹೋಯಿತು.

ಮೂರನೇ ಹೆಜ್ಜೆ: ಬೀಪ್ ಆದ ಮೇಲೆ

ಕಾರ್ಡ್ ಓದಿದಾಗ ಬೀಪ್ ಬರುತ್ತದೆ, ಬಹಳ ಮಷೀನುಗಳಲ್ಲಿ ನಾಲ್ಕು ಪುಟ್ಟ ಹಸಿರು ದೀಪಗಳೂ ಹೊತ್ತಿಕೊಳ್ಳುತ್ತವೆ. ಅಲ್ಲಿಗೆ ಕಾರ್ಡಿನ ಕೆಲಸ ಮುಗಿಯಿತು, ಅದನ್ನು ತೆಗೆಯಬಹುದು. ಆಮೇಲೆ ಮಷೀನು ತನ್ನ ಸಿಮ್ ಅಥವಾ ವೈಫೈ ಮೂಲಕ ಗ್ರಾಹಕರ ಬ್ಯಾಂಕನ್ನು ಕೇಳುತ್ತದೆ: ಈ ಕಾರ್ಡ್ ಸರಿ ಇದೆಯಾ, ಖಾತೆಯಲ್ಲಿ ಹಣ ಇದೆಯಾ? ಉತ್ತರ ಬರಲು ಕೆಲವು ಸೆಕೆಂಡ್ ಬೇಕು. ಕಟ್ಟಡದ ನೆಲಮಾಳಿಗೆಯಲ್ಲಿರುವ ಅಂಗಡಿಯಾದರೆ, ಸುತ್ತ ಕಬ್ಬಿಣದ ರ‍್ಯಾಕ್‌ಗಳಿದ್ದರೆ, ಸಿಗ್ನಲ್ ಕಡಿಮೆಯಾಗಿ ಇನ್ನೂ ತಡವಾಗಬಹುದು.

ಈ ಕೆಲವು ಸೆಕೆಂಡಿನಲ್ಲಿ ಗ್ರಾಹಕರು ಪುಸ್ತಕ ಎತ್ತಿಕೊಂಡು ಬಾಗಿಲ ಕಡೆ ಹೊರಟಿರುತ್ತಾರೆ. ಅವರು ಮೋಸ ಮಾಡುತ್ತಿಲ್ಲ, ಬೀಪ್ ಕೇಳಿತಲ್ಲ, ಆಯಿತು ಅಂದುಕೊಂಡಿದ್ದಾರೆ. ಅಷ್ಟರಲ್ಲಿ Declined ಬಂದರೆ ನೀವು ಅವರನ್ನು ಕೂಗಿ ಕರೆಯಬೇಕು, ಇಬ್ಬರಿಗೂ ಮುಜುಗರ. ಪೋಸ್ಟರಿನ ಮೂರನೇ ಸಾಲು ಇದನ್ನು ತಪ್ಪಿಸುವುದಕ್ಕೆ. Approved ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲೇ ಬಿಟ್ಟಿದ್ದೇನೆ, ಯಾಕೆಂದರೆ ಪರದೆಯಲ್ಲಿ ಬರುವುದು ಹಾಗೇ. ನಿಮ್ಮ ಮಷೀನಿನಲ್ಲಿ Transaction Successful ಅಂತ ಬಂದರೆ, ಅಥವಾ ದೊಡ್ಡ ಹಸಿರು ಟಿಕ್ ಗುರುತು ಬಂದರೆ, ಪೋಸ್ಟರಿನಲ್ಲೂ ಅದನ್ನೇ ಹಾಕಿ. ಅಕ್ಷರ ಬಾರದವರಿಗೂ ಟಿಕ್ ಗುರುತು ಅರ್ಥವಾಗುತ್ತದೆ. ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಎಸ್ಎಂಎಸ್ ನಂಬಿಕೊಳ್ಳುವ ಅಭ್ಯಾಸ ಬೇಡ. ಅದು ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಕೆಲವೊಮ್ಮೆ ಉಲ್ಟಾ ಆಗುತ್ತದೆ: ಗ್ರಾಹಕರ ಫೋನಿಗೆ ಹಣ ಕಡಿತವಾದ ಸಂದೇಶ ಬಂದಿರುತ್ತದೆ, ಮಷೀನು ಮಾತ್ರ ವಿಫಲ ಅನ್ನುತ್ತದೆ. ಜಗಳ ಶುರುವಾಗುವುದು ಆಗಲೇ. ಇದಕ್ಕೆ ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿಯಮ ಇದೆ. ಖಾತೆಯಿಂದ ಹಣ ಹೋಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಬ್ಯಾಂಕ್ ತಾನಾಗಿಯೇ ಹಣ ವಾಪಸ್ ಹಾಕಬೇಕು. ತಡ ಮಾಡಿದರೆ ದಿನಕ್ಕೆ ₹100ರಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕು. 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಇದು. ವಿಫಲ ಅಂತ ಬಂದ ರಸೀದಿಯನ್ನು ಪ್ರಿಂಟ್ ತೆಗೆದು ಗ್ರಾಹಕರ ಕೈಗೆ ಕೊಡಿ. ಬ್ಯಾಂಕಿಗೆ ದೂರು ಕೊಡಬೇಕಾದರೆ ಅದೇ ಅವರ ಆಧಾರ.

ಪೋಸ್ಟರಿನಲ್ಲಿ ಬೇಡ, ಕೌಂಟರ್ ಒಳಗೆ ಬೇಕು

ಟ್ಯಾಪ್ ಆಗದಿದ್ದಾಗ ಏನು ಮಾಡಬೇಕು ಅನ್ನುವುದನ್ನು ಪೋಸ್ಟರಿನಲ್ಲಿ ತುರುಕಬೇಡಿ. ಅದು ಗ್ರಾಹಕರ ಸಮಸ್ಯೆ ಅಲ್ಲ, ಕೌಂಟರಿನಲ್ಲಿ ಕೂತವರು ಬಿಡಿಸಬೇಕಾದದ್ದು. ಒಂದು ಚೀಟಿ ಬರೆದು ಒಳಗಡೆ ಅಂಟಿಸಿ, ಸಂಜೆ ಪಾಳಿಗೆ ಬರುವ ಹುಡುಗ ಹುಡುಗಿಯರಿಗೂ ಉಪಯೋಗ.

ಅದರಲ್ಲಿ ಮೊದಲು ಇರಬೇಕಾದದ್ದು ಇದು. ಗುರುತು ಇದ್ದೂ ಟ್ಯಾಪ್ ಆಗದ ಕಾರ್ಡಿನಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ, ಆ ಸೌಲಭ್ಯ ಆನ್ ಆಗಿರುವುದಿಲ್ಲ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡ್ ಬರುವಾಗ ಎಟಿಎಂನಲ್ಲಿ ಮತ್ತು ಅಂಗಡಿಯಲ್ಲಿ ಚಿಪ್ ತೂರಿಸಿ ಬಳಸುವುದಕ್ಕೆ ಮಾತ್ರ ತಯಾರಿರುತ್ತದೆ. ಟ್ಯಾಪ್ ಬೇಕಾದರೆ ಕಾರ್ಡ್ ಇರುವವರೇ ತಮ್ಮ ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಅಲ್ಲೇ ದಿನಕ್ಕೆ ಇಷ್ಟು ಅಂತ ಮಿತಿಯನ್ನೂ ಹಾಕಿಕೊಳ್ಳಬಹುದು. ಗ್ರಾಹಕರ ಫೋನ್ ನೀವು ಮುಟ್ಟಬೇಡಿ. ಇವತ್ತಿಗೆ ಚಿಪ್ ತೂರಿಸಿ ಪಿನ್ ಒತ್ತಲಿ, ಮನೆಗೆ ಹೋಗಿ ನಿಧಾನಕ್ಕೆ ಆನ್ ಮಾಡಿಕೊಳ್ಳಲಿ.

ಎರಡನೆಯದು, ಪರದೆಯಲ್ಲಿ Insert Card ಅಂತ ಬಂದರೆ ಮತ್ತೆ ಮತ್ತೆ ತಾಗಿಸುತ್ತಾ ಕೂರಬೇಡಿ. ಬ್ಯಾಂಕೇ ಈ ಸಲ ಚಿಪ್ ಮತ್ತು ಪಿನ್ ಬೇಕು ಅನ್ನುತ್ತಿದೆ. ₹5,000ದ ಒಳಗಿದ್ದರೂ ಒಮ್ಮೊಮ್ಮೆ ಹೀಗೆ ಕೇಳುವುದುಂಟು.

ಮೂರನೆಯದು ದೊಡ್ಡ ಬಿಲ್. ಶಾಲೆಯ ಗ್ರಂಥಾಲಯಕ್ಕೆ ಅಂತ ಮೇಷ್ಟ್ರೊಬ್ಬರು ₹6,480ರ ಪುಸ್ತಕ ಕೊಂಡರು ಅಂದುಕೊಳ್ಳಿ. ಟ್ಯಾಪ್ ಮಾಡಬಹುದು, ಆದರೆ ಪಿನ್ ಒತ್ತಬೇಕು. ಆಗ ಮಷೀನು ಅವರ ಕೈಗೆ ಕೊಟ್ಟು ನೀವು ಬೇರೆ ಕಡೆ ನೋಡಿ. ಪಿನ್ ತಪ್ಪಿಸಲು ಬಿಲ್ಲನ್ನು ಎರಡು ತುಂಡು ಮಾಡುವ ಬುದ್ಧಿವಂತಿಕೆ ಬೇಡ. ಆ ಮಿತಿ ಇರುವುದೇ ಕಳೆದುಹೋದ ಕಾರ್ಡಿನಿಂದ ಯಾರೋ ದೊಡ್ಡ ಮೊತ್ತ ಎಳೆಯದಿರಲಿ ಅಂತ.

ಇನ್ನೊಂದು ಮಾತು. 'ಕಾರ್ಡ್ ಆದರೆ 2% ಜಾಸ್ತಿ' ಅನ್ನುವ ಚೀಟಿ ಕೆಲವು ಅಂಗಡಿಗಳಲ್ಲಿ ಕಾಣುತ್ತದೆ. ಡೆಬಿಟ್ ಕಾರ್ಡಿನ ಶುಲ್ಕವನ್ನು ಗ್ರಾಹಕರ ಮೇಲೆ ಹಾಕುವಂತಿಲ್ಲ ಅನ್ನುವುದು ರಿಸರ್ವ್ ಬ್ಯಾಂಕಿನ ನಿಲುವು. ರುಪೇ ಡೆಬಿಟ್ ಕಾರ್ಡಿಗಂತೂ 2020ರ ಜನವರಿಯಿಂದ ಅಂಗಡಿಯವರಿಗೂ ಈ ಶುಲ್ಕ ಇಲ್ಲ. ವರ್ಷಕ್ಕೆ ₹20 ಲಕ್ಷದೊಳಗೆ ವ್ಯಾಪಾರ ಇರುವ ಸಣ್ಣ ಅಂಗಡಿಯಾದರೆ ಉಳಿದ ಡೆಬಿಟ್ ಕಾರ್ಡುಗಳಿಗೂ ಬ್ಯಾಂಕ್ ನಿಮ್ಮಿಂದ ಶೇಕಡಾ 0.40ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಮೇಲಿನ ₹742.50ಕ್ಕೆ ಅದು ಸುಮಾರು ₹3. ಕ್ರೆಡಿಟ್ ಕಾರ್ಡಿನ ದರ ಬೇರೆ, ಅದನ್ನು ನಿಮ್ಮ ಒಪ್ಪಂದದಲ್ಲಿ ನೋಡಿಕೊಳ್ಳಿ.

ಪ್ರಿಂಟ್ ಹಾಕಿಸುವಾಗ

ಕನ್ನಡದಲ್ಲಿ ಪ್ರಿಂಟ್ ಕೆಡುವುದು ಎರಡು ಕಡೆ. ಒಂದು, ನೀವು ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಪ್ರಿಂಟಿಂಗ್ ಅಂಗಡಿಯ ಹಳೆಯ ಸಾಫ್ಟ್‌ವೇರಿಗೆ ಅದನ್ನು ಹಾಕಿದರೆ ಒತ್ತಕ್ಷರಗಳು ಕಳಚಿಕೊಳ್ಳುತ್ತವೆ. ಬರಹವನ್ನು ವಾಟ್ಸಾಪ್ ಮೆಸೇಜಾಗಿ ಕಳಿಸಬೇಡಿ, ಪಿಡಿಎಫ್ ಮಾಡಿ ಕಳಿಸಿ. ಎರಡು, ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ.

ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಎರಡೂ ಉಚಿತವಾಗಿ ಸಿಗುವ ಫಾಂಟುಗಳು, ದೂರದಿಂದಲೂ ಚೆನ್ನಾಗಿ ಓದಬಹುದು. ಹೆಜ್ಜೆಯ ಹೆಸರು 48 ಪಾಯಿಂಟ್, ಅದರ ಕೆಳಗಿನ ವಿವರ 26ರಿಂದ 28 ಪಾಯಿಂಟ್ ಇರಲಿ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ, ಅಂಕಿಗಳಿಗೆ ಮಾತ್ರ ಒಂದು ಬಣ್ಣ. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟ್ ಬೆಳಕು ಅದರ ಮೇಲೇ ಬಿದ್ದು ಒಂದು ಹೆಜ್ಜೆ ಪೂರ್ತಿ ಮಾಯವಾಗುತ್ತದೆ. ಮ್ಯಾಟ್ ಅಂತ ಕೇಳಿ ಮಾಡಿಸಿ. ಗೋಡೆಗೆ ಅಂಟಿಸುವುದಕ್ಕಿಂತ ಮಷೀನಿನ ಪಕ್ಕದಲ್ಲೇ ಸ್ಟ್ಯಾಂಡಿನಲ್ಲಿ ನಿಲ್ಲಿಸುವುದು ಲೇಸು. ಕಣ್ಣು ಪೋಸ್ಟರಿನಿಂದ ಮಷೀನಿಗೆ ಹೋಗಲು ತಲೆ ತಿರುಗಿಸಬೇಕಾಗಬಾರದು.

ಬಹಳ ಪ್ರತಿ ಹಾಕಿಸುವ ಮೊದಲು ಒಂದೇ ಒಂದು ಸಾದಾ ಪ್ರಿಂಟ್ ಇಟ್ಟು ಅರ್ಧ ದಿನ ನೋಡಿ. ಎಂದೂ ಟ್ಯಾಪ್ ಮಾಡದ ಗ್ರಾಹಕರು ಸಿಕ್ಕಾಗ ನೀವು ಬಾಯಿ ಬಿಡದೆ ಸುಮ್ನೆ ನಿಲ್ಲಿ. ಅವರು ಕಾರ್ಡ್ ಹಿಡಿದು ಎಲ್ಲಿ ಅಂತ ಹುಡುಕಿದರೆ ಬಾಣ ಸರಿ ಇಲ್ಲ. ತಟ್ಟಿ ಎಳೆದುಕೊಂಡರೆ ಎರಡನೇ ಸಾಲನ್ನು ಇನ್ನೂ ದಪ್ಪ ಮಾಡಿ. ಬೀಪ್ ಆದ ತಕ್ಷಣ ಹೊರಟರೆ ಮೂರನೇ ಸಾಲು ಅವರ ಕಣ್ಣಿಗೆ ಬಿದ್ದಿಲ್ಲ, ಅದು ಹಾಳೆಯ ತೀರಾ ಕೆಳಗೆ ಹೋಗಿ ಪುಸ್ತಕದ ರಾಶಿಯ ಹಿಂದೆ ಮುಚ್ಚಿಹೋಗಿರಬಹುದು. ಕಂಪನಿಯವರು ಮಷೀನ್ ಬದಲಾಯಿಸಿ ಕೊಟ್ಟರೆ ಫೋಟೋ ಹೊಸದಾಗಿ ತೆಗೆಯಬೇಕು, ಪರದೆಯಲ್ಲಿ ಬರುವ ಪದವನ್ನೂ ಮತ್ತೊಮ್ಮೆ ನೋಡಿ ಬರೆಯಬೇಕು. ₹5,000 ಇರುವ ಕೊನೆಯ ಸಾಲನ್ನು ಬೇರೆ ಪಟ್ಟಿಯಾಗಿ ಅಂಟಿಸಿದ್ದರೆ, ಮಿತಿ ಬದಲಾದಾಗ ಅದೊಂದನ್ನೇ ಕಿತ್ತು ಹಾಕಬಹುದು.